ನೀಲಿ ಹನಿಯಲ್ಲಿ ಕೆನ್ನೆಯ ಕೋಶ: ಕಾಣುವುದೆಷ್ಟು, ಕಾಣದ್ದೆಷ್ಟು

ಒಂಬತ್ತನೇ ತರಗತಿಯ ಮಕ್ಕಳ ಪ್ರಯೋಗ ಪುಸ್ತಕವನ್ನು ಯಾವ ಊರಿನಲ್ಲಿ ತೆರೆದು ನೋಡಿದರೂ ಮನುಷ್ಯನ ಕೆನ್ನೆಯ ಕೋಶದ ಚಿತ್ರ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಪೆನ್ಸಿಲ್ಲಿನಲ್ಲಿ ಎಳೆದ ಸೊಟ್ಟ ವೃತ್ತ, ಅದರ ನಟ್ಟನಡುವೆ ದೊಡ್ಡದೊಂದು ಕೋಶಕೇಂದ್ರ, ಸುತ್ತಲೂ ಚುಕ್ಕಿಗಳು. ಪಕ್ಕದಲ್ಲಿ ಗೆರೆ ಎಳೆದು ಬರೆದ ಹೆಸರುಗಳು: ಕೋಶಪೊರೆ, ಕೋಶದ್ರವ್ಯ, ಕೋಶಕೇಂದ್ರ. ಹೆಚ್ಚು ಅಂಕದ ಆಸೆಯಿರುವವರು ಮೈಟೋಕಾಂಡ್ರಿಯಾವನ್ನೂ ಒಂದು ಮೂಲೆಯಲ್ಲಿ ಕೂರಿಸಿರುತ್ತಾರೆ. ಅದೇ ಹೊತ್ತಿಗೆ ಸೂಕ್ಷ್ಮದರ್ಶಕದ ಕೆಳಗೆ ನಿಜವಾಗಿ ಇರುವುದು ತೀರಾ ಬೇರೆ: ತಿಳಿನೀಲಿ ಬಣ್ಣದ, ಅಂಚು ಮಡಿಸಿಕೊಂಡ, ಬಿಸಿಲಿಗೆ ಹಾಕಿದ ಹಪ್ಪಳದಂಥ ತೆಳುವಾದ ಹಾಳೆ. ಅದರ ಮೇಲೆಲ್ಲೋ ಒಂದು ಪುಟ್ಟ ಕಡುನೀಲಿ ಬೊಟ್ಟು. ಕೋಶದ ಹೊರಗೂ ಒಳಗೂ ಚೆಲ್ಲಿಕೊಂಡಂತೆ ಕಾಣುವ ಇನ್ನಷ್ಟು ಸಣ್ಣ ಕಣಗಳು.

ಇದು ನಮ್ಮ ಶಾಲೆಗಳಲ್ಲಿ ನಡೆಯುವ ಅತಿ ಅಗ್ಗದ ಜೀವಶಾಸ್ತ್ರದ ಪ್ರಯೋಗ. ಬೇಕಾಗುವುದು ಒಂದು ಹಲ್ಲುಕಡ್ಡಿ, ಒಂದು ಗಾಜಿನ ಸ್ಲೈಡ್, ಕವರ್‌ಸ್ಲಿಪ್, ಒಂದು ಹನಿ ಮೆಥಿಲೀನ್ ನೀಲಿ ಮತ್ತು ಸಾಧಾರಣ ಸೂಕ್ಷ್ಮದರ್ಶಕ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಕಂಡದ್ದು ಏನು ಎಂದು ಹೇಳುವುದು ಅಷ್ಟು ಸುಲಭವಲ್ಲ.

ಮೊದಲು ಆ ಕೋಶ ಯಾವುದು ಎಂದು ನೋಡೋಣ. ಬಾಯಿಯ ಒಳಗಡೆ ಕೆನ್ನೆಗೆ ಅಂಟಿರುವ ನುಣುಪಾದ ಹೊದಿಕೆಯಲ್ಲಿ ಹತ್ತಾರು ಸಾಲು ಕೋಶಗಳು ಒಂದರ ಮೇಲೊಂದು ಕುಳಿತಿವೆ. ತಳದ ಸಾಲಿನಲ್ಲಿ ಹೊಸ ಕೋಶಗಳು ಹುಟ್ಟುತ್ತವೆ. ಹುಟ್ಟಿದಾಗ ಅವು ಚಿಕ್ಕವು, ದುಂಡಗಿನವು. ಕೆಳಗಿನಿಂದ ಇನ್ನಷ್ಟು ಕೋಶಗಳು ತಳ್ಳಿದಂತೆ ಮೇಲೇರುತ್ತಾ ಅಗಲವಾಗುತ್ತವೆ, ಚಪ್ಪಟೆಯಾಗುತ್ತವೆ. ಕೊನೆಗೆ ಮೇಲಿನ ಸಾಲಿಗೆ ಬಂದು, ಊಟದ ಉಜ್ಜಾಟಕ್ಕೋ ನಾಲಿಗೆಯ ಓಡಾಟಕ್ಕೋ ಸಿಕ್ಕಿ ಕಳಚಿ ಬೀಳುತ್ತವೆ. ಕಡ್ಡಿಯಿಂದ ಮೆಲ್ಲಗೆ ಸವರಿದಾಗ ನಮಗೆ ಸಿಗುವುದು ಹೀಗೆ ಬೀಳಲು ಸಿದ್ಧವಾಗಿದ್ದ ಕೋಶಗಳು. ಅಂದರೆ ನಾವು ನೋಡುತ್ತಿರುವುದು ಆಯುಷ್ಯ ಮುಗಿದ, ಇಲ್ಲವೇ ಮುಗಿಯುತ್ತಿರುವ ಕೋಶಗಳನ್ನು. ಚುರುಕಾಗಿ ಕೆಲಸ ಮಾಡುತ್ತಿರುವ ಕೋಶದ ಚಿತ್ರ ಈ ಸ್ಲೈಡಿನಲ್ಲಿ ಸಿಗದಿರಲು ಇದು ಮೊದಲ ಕಾರಣ.

ಹಾಗಾದರೆ ಕೆನ್ನೆಯೇ ಏಕೆ? ಅಂಗೈ ಕೆರೆದರೂ ಕೋಶಗಳು ಉದುರುತ್ತವಲ್ಲ? ಉದುರುತ್ತವೆ. ಆದರೆ ಚರ್ಮದ ಮೇಲಿನ ಸಾಲಿನ ಕೋಶಗಳು ಮೇಲೇರುವ ದಾರಿಯಲ್ಲಿ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನು ತುಂಬಿಕೊಂಡು ಕೋಶಕೇಂದ್ರವನ್ನು ಕಳೆದುಕೊಂಡಿರುತ್ತವೆ. ಅವನ್ನು ಬಣ್ಣದಲ್ಲಿ ಎಷ್ಟು ಹೊತ್ತು ಮುಳುಗಿಸಿದರೂ ನಡುವೆ ಬೊಟ್ಟು ಕಾಣದು. ಬಾಯಿಯೊಳಗೂ ಅಗಿಯುವ ಒತ್ತಡ ಬೀಳುವ ಜಾಗಗಳಲ್ಲಿ, ಅಂದರೆ ಹಲ್ಲಿನ ಬುಡದ ವಸಡಿನಲ್ಲಿ ಮತ್ತು ಗಟ್ಟಿ ಅಂಗಳದಲ್ಲಿ, ಮೇಲ್ಪದರ ಹೆಚ್ಚುಕಡಿಮೆ ಚರ್ಮದ ಹಾಗೆಯೇ ಗಟ್ಟಿಯಾಗಿರುತ್ತದೆ. ಕೆನ್ನೆಯ ಒಳಬದಿ ಹಾಗಲ್ಲ. ಅಲ್ಲಿನ ಕೋಶ ಕಳಚಿ ಬೀಳುವ ಗಳಿಗೆಯವರೆಗೂ ತನ್ನ ಕೋಶಕೇಂದ್ರವನ್ನು ಇಟ್ಟುಕೊಂಡಿರುತ್ತದೆ. ಜೊತೆಗೆ ನೋವಿಲ್ಲದೆ, ರಕ್ತವಿಲ್ಲದೆ, ಬೇಕಾದಷ್ಟು ಸಿಗುತ್ತದೆ. ಕಡ್ಡಿ ಜಾರಿ ವಸಡು ಕೆರೆದವರಿಗೆ ಬೊಟ್ಟಿಲ್ಲದ ಕೋಶಗಳು ಸಿಕ್ಕಿ, ಬಣ್ಣ ಸರಿಯಿಲ್ಲ ಎಂಬ ತಕರಾರು ಶುರುವಾಗುವುದುಂಟು.

ಬಣ್ಣ ಯಾಕೆ ಬೇಕು ಎಂದರೆ, ಈ ಕೋಶ ಗಾಜಿನಷ್ಟೇ ಪಾರದರ್ಶಕ. ಅದರೊಳಗಿನ ಬಹುಭಾಗ ನೀರು. ಬೆಳಕು ಅದರ ಮೂಲಕ ಏನೂ ಆಗದವರಂತೆ ಹಾದುಹೋಗುತ್ತದೆ. ಬಣ್ಣ ಹಾಕದ ಸ್ಲೈಡಿನಲ್ಲೂ ಬೆಳಕನ್ನು ತಗ್ಗಿಸಿ ಹುಡುಕಿದರೆ ಬೂದುಬಣ್ಣದ ಅಂಚುಗಳು ಸಿಗುತ್ತವೆ. ಆದರೆ ಮೊದಲ ಬಾರಿ ನೋಡುವವರಿಗೆ ಅದು ಸಿಗುವಂಥದ್ದಲ್ಲ.

ಮೆಥಿಲೀನ್ ನೀಲಿಯನ್ನು 1876ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಹೈನ್‌ರಿಶ್ ಕಾರೊ ತಯಾರಿಸಿದ್ದು ಬಟ್ಟೆಗೆ ಬಣ್ಣ ಹಾಕಲು. ಅದನ್ನು ಸೂಕ್ಷ್ಮದರ್ಶಕದ ಕೆಳಗೆ ತಂದವರಲ್ಲಿ ಮುಖ್ಯರು ಪಾಲ್ ಎರ್ಲಿಶ್. ಕೆಲವು ಬಣ್ಣಗಳು ದೇಹದ ಕೆಲವೇ ಭಾಗಗಳನ್ನು ಆರಿಸಿ ಹಿಡಿಯುತ್ತವೆ ಎಂಬುದು ಅವರ ಜೀವಮಾನದ ಗೀಳು. ಮಲೇರಿಯಾದ ಪರೋಪಜೀವಿ ಈ ನೀಲಿಯನ್ನು ಹಿಡಿದುಕೊಳ್ಳುವುದನ್ನು ಕಂಡು, ಅದನ್ನೇ ಔಷಧಿಯಾಗಿ ಕೊಟ್ಟರೆ ಹೇಗೆ ಎಂದು ಯೋಚಿಸಿ 1891ರಲ್ಲಿ ಇಬ್ಬರು ಮಲೇರಿಯಾ ರೋಗಿಗಳಿಗೆ ಕೊಟ್ಟೂ ನೋಡಿದರು. ನಮ್ಮ ದೇಶದಲ್ಲಿ ಮಲೇರಿಯಾದ ರಕ್ತಲೇಪಕ್ಕೆ ಬಳಸುತ್ತಾ ಬಂದಿರುವ ಜೆ.ಎಸ್.ಬಿ. ಬಣ್ಣದಲ್ಲಿಯೂ ಈ ನೀಲಿಯದೇ ಒಂದು ರೂಪ ಇದೆ.

ಇದು ಕೆಲಸ ಮಾಡುವ ಬಗೆ ಸರಳ. ನೀರಿನಲ್ಲಿ ಕರಗಿದಾಗ ಬಣ್ಣದ ಕಣ ಧನ ವಿದ್ಯುದಂಶ ಹೊತ್ತಿರುತ್ತದೆ. ಡಿಎನ್‌ಎ ಮತ್ತು ಆರ್‌ಎನ್‌ಎಗಳ ಬೆನ್ನೆಲುಬಿನ ಉದ್ದಕ್ಕೂ ಇರುವ ಫಾಸ್ಫೇಟ್ ಗುಂಪುಗಳು ಋಣ ವಿದ್ಯುದಂಶ ಹೊತ್ತಿರುತ್ತವೆ. ಎರಡೂ ಒಂದನ್ನೊಂದು ಸೆಳೆಯುತ್ತವೆ. ಡಿಎನ್‌ಎ ಒತ್ತೊತ್ತಾಗಿ ತುಂಬಿರುವುದು ಕೋಶಕೇಂದ್ರದಲ್ಲಿ, ಆದ್ದರಿಂದ ಅದು ಕಡುನೀಲಿ. ಕೋಶದ್ರವ್ಯದಲ್ಲಿ ಆರ್‌ಎನ್‌ಎಯೂ ಋಣ ವಿದ್ಯುದಂಶವಿರುವ ಪ್ರೋಟೀನುಗಳೂ ತೆಳ್ಳಗೆ ಹರಡಿರುವುದರಿಂದ ಅದು ತಿಳಿನೀಲಿ. ಒಂದೇ ಬಣ್ಣ ಎರಡು ಛಾಯೆಗಳಲ್ಲಿ ಕಾಣುವುದಕ್ಕೆ ಇಷ್ಟೇ ಕಾರಣ. ಇನ್ನೊಂದು ಮಾತೂ ಇದರಿಂದಲೇ ತಿಳಿಯುತ್ತದೆ: ಈ ನೀಲಿ ಕೋಶಕೇಂದ್ರವನ್ನು ಮಾತ್ರ ಗುರುತಿಸುವ ಬಣ್ಣವಲ್ಲ. ಋಣ ವಿದ್ಯುದಂಶ ಇರುವ ಎಲ್ಲದಕ್ಕೂ ಅದು ಅಂಟಿಕೊಳ್ಳುತ್ತದೆ, ಬ್ಯಾಕ್ಟೀರಿಯಾಕ್ಕೂ ಕೂಡ. ಮುಂದೆ ಇದು ನಮ್ಮನ್ನು ಕಾಡಲಿದೆ.

ದ್ರಾವಣವನ್ನು ತೆಳುವಾಗಿಯೇ ಇಟ್ಟುಕೊಳ್ಳಬೇಕು. 100 ಮಿಲಿಲೀಟರ್ ನೀರಿಗೆ 0.1 ಗ್ರಾಂ ಪುಡಿ ಸಾಕು. ಪ್ರಯೋಗಾಲಯದ ಕಪಾಟಿನಲ್ಲಿ ಸಾಮಾನ್ಯವಾಗಿ ಇರುವುದು ಶೇಕಡಾ 1ರ ದ್ರಾವಣ. ಅದರ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿದರೆ ಇದೇ ಹದ ಬರುತ್ತದೆ. ಬಟ್ಟೆ ಒಗೆಯುವಾಗ ಹಾಕುವ ನೀಲಿ ಇದಕ್ಕೆ ಬದಲಿಯಲ್ಲ, ಅದರಲ್ಲಿರುವುದು ಬೇರೆ ವರ್ಣಕಗಳು. ಮೆಥಿಲೀನ್ ನೀಲಿ ಬಟ್ಟೆಗೆ ಹೇಳಿ ಮಾಡಿಸಿದ ಬಣ್ಣವೇ ಆದ್ದರಿಂದ ಬಿಳಿ ಸಮವಸ್ತ್ರದ ಮೇಲೆ ಬಿದ್ದ ಹನಿ ಸುಲಭಕ್ಕೆ ಹೋಗುವುದಿಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈಗ ಸ್ಲೈಡ್. ಮೊದಲು ಬಾಯಿಯನ್ನು ನೀರಿನಿಂದ ಚೆನ್ನಾಗಿ ಮುಕ್ಕಳಿಸಬೇಕು. ಇದನ್ನು ಶಾಸ್ತ್ರಕ್ಕೆಂದು ಮಾಡಿ ಮುಗಿಸುವವರೇ ಹೆಚ್ಚು. ಆದರೆ ಬೆಳಗಿನ ಉಪ್ಪಿಟ್ಟಿನ ಚೂರುಗಳು, ಲೋಳೆ, ಸಡಿಲ ಬ್ಯಾಕ್ಟೀರಿಯಾ ಇವೆಲ್ಲ ಈ ಹಂತದಲ್ಲಿ ಹೋಗದಿದ್ದರೆ ಆಮೇಲೆ ಎಲ್ಲವೂ ನೀಲಿಯಾಗಿ ಕೋಶದ ಜೊತೆ ಕುಳಿತಿರುತ್ತವೆ. ಆಮೇಲೆ ಹೊಸ ಹಲ್ಲುಕಡ್ಡಿಯ ಮೊಂಡು ತುದಿಯಿಂದ, ಇಲ್ಲವೇ ಹತ್ತಿ ಸುತ್ತಿದ ಕಡ್ಡಿಯಿಂದ, ಕೆನ್ನೆಯ ಒಳಬದಿಯನ್ನು ಐದಾರು ಬಾರಿ ಸವರಬೇಕು. ಚೂಪು ತುದಿ ಬೇಡ. ರಕ್ತ ಬಂದರೆ ನೋವಾಗುವುದಷ್ಟೇ ಅಲ್ಲ, ಸ್ಲೈಡೂ ಕೆಡುತ್ತದೆ. ಕಡ್ಡಿಯ ತುದಿಯಲ್ಲಿ ಬಿಳಿಚಿದ, ತುಸು ಮಬ್ಬಾದ ಲೇಪ ಕಂಡರೆ ಸಾಕು. ಬರೀ ನೊರೆನೊರೆ ಎಂಜಲು ಬಂದಿದ್ದರೆ ಅದರಲ್ಲಿ ಕೋಶ ಕಡಿಮೆ, ಇನ್ನೊಮ್ಮೆ ಸವರಬೇಕು.

ಆ ಲೇಪವನ್ನು ಸ್ಲೈಡಿನ ನಡುವೆ ಒಂದು ರೂಪಾಯಿ ನಾಣ್ಯದಗಲಕ್ಕೆ ತೆಳ್ಳಗೆ ಹರಡಬೇಕು. ಇಲ್ಲಿ ಎರಡು ಪದ್ಧತಿಗಳಿವೆ. ಮೊದಲೇ ಒಂದು ಹನಿ ನೀರು ಇಟ್ಟು ಅದರಲ್ಲಿ ಕಡ್ಡಿಯನ್ನು ಕದಡುವುದು ಪಠ್ಯಪುಸ್ತಕದ ಕ್ರಮ. ಒಣ ಸ್ಲೈಡಿನ ಮೇಲೆ ಹರಡಿ, ಒಂದೆರಡು ನಿಮಿಷ ಗಾಳಿಗೆ ಆರಲು ಬಿಟ್ಟು, ಆಮೇಲೆ ಬಣ್ಣ ಹಾಕುವುದು ಇನ್ನೊಂದು. ನನಗೆ ಎರಡನೆಯದೇ ವಾಸಿ ಅನಿಸುತ್ತದೆ. ಆರಿದ ಕೋಶಗಳು ಗಾಜಿಗೆ ಅಂಟಿಕೊಳ್ಳುತ್ತವೆ, ಬಣ್ಣ ತೊಳೆಯುವಾಗ ಹರಿದುಹೋಗುವುದಿಲ್ಲ. ನೀರಿನ ಕ್ರಮವನ್ನೇ ಹಿಡಿಯುವುದಾದರೆ ಬರಿ ನೀರಿಗಿಂತ ಶೇಕಡಾ 0.9ರ ಉಪ್ಪುನೀರು ಮೇಲು. ಬರಿ ನೀರಿನಲ್ಲಿ ಕೋಶದೊಳಗೆ ನೀರು ನುಗ್ಗಿ ಅದು ಊದಿಕೊಳ್ಳಬಹುದು. ಈರುಳ್ಳಿಯ ಕೋಶಕ್ಕೆ ಈ ಚಿಂತೆ ಇಲ್ಲ, ಸುತ್ತ ಗಟ್ಟಿ ಕೋಶಭಿತ್ತಿ ಇದೆ. ಕೆನ್ನೆಯ ಕೋಶಕ್ಕೆ ಅಂಥ ಬೇಲಿ ಇಲ್ಲ.

ಲೇಪದ ಮೇಲೆ ಒಂದು ಹನಿ ಬಣ್ಣ ಬಿಟ್ಟು ಎರಡು ನಿಮಿಷ ಕಾಯಬೇಕು. ಬಳಿಕ ಕವರ್‌ಸ್ಲಿಪ್. ಅದರ ಒಂದು ಅಂಚನ್ನು ಹನಿಗೆ ತಾಗಿಸಿ, ಇನ್ನೊಂದು ಅಂಚನ್ನು ಸೂಜಿಯ ಮೇಲೆ ಓರೆಯಾಗಿ ನಿಲ್ಲಿಸಿಕೊಂಡು ನಿಧಾನಕ್ಕೆ ಇಳಿಸಿದರೆ ಗಾಳಿ ಒಂದು ಕಡೆಯಿಂದ ಹೊರಗೆ ಹೋಗುತ್ತದೆ. ಮೇಲಿನಿಂದ ತಟ್ಟನೆ ಇಟ್ಟರೆ ಗಾಳಿ ಸಿಕ್ಕಿಹಾಕಿಕೊಂಡು ಗುಳ್ಳೆಗಳಾಗುತ್ತವೆ.

ಇಷ್ಟಕ್ಕೇ ನಿಲ್ಲಿಸಿ ನೋಡಲು ಹೋದರೆ ಇಡೀ ನೋಟವೇ ನೀಲಿಯಾಗಿರುತ್ತದೆ, ಕೋಶ ಆ ನೀಲಿಯಲ್ಲಿ ಕರಗಿಹೋಗಿರುತ್ತದೆ. ಆದ್ದರಿಂದ ಕವರ್‌ಸ್ಲಿಪ್ಪಿನ ಒಂದು ಅಂಚಿಗೆ ಒಂದು ಹನಿ ನೀರು ಇಟ್ಟು, ಎದುರಿನ ಅಂಚಿಗೆ ಫಿಲ್ಟರ್ ಕಾಗದದ ತುಂಡನ್ನು ತಾಗಿಸಬೇಕು. ಕಾಗದ ನೀಲಿಯನ್ನು ಹೀರುತ್ತಾ ಹೋದಂತೆ ಈಚೆಯಿಂದ ಸ್ವಚ್ಛ ನೀರು ಒಳಗೆ ಸರಿಯುತ್ತದೆ. ಕೋಶಕ್ಕೆ ಅಂಟಿದ ಬಣ್ಣ ಉಳಿದು, ಅಂಟದ ಬಣ್ಣ ಹೊರಗೆ ಬರುತ್ತದೆ. ಎರಡು ಮೂರು ಹನಿಗಳಲ್ಲಿ ಹಿನ್ನೆಲೆ ತಿಳಿಯಾಗುತ್ತದೆ. ಅರ್ಧ ನಿಮಿಷದ ಈ ಕೆಲಸವೇ ಒಳ್ಳೆಯ ಸ್ಲೈಡನ್ನೂ ಕೆಟ್ಟ ಸ್ಲೈಡನ್ನೂ ಬೇರೆ ಮಾಡುವುದು. ಇಂಥ ಸ್ಲೈಡ್ ತಾತ್ಕಾಲಿಕ. ಸ್ವಲ್ಪ ಹೊತ್ತಿಗೆ ಅಂಚಿನಿಂದ ಒಣಗಲು ಶುರುವಾಗುತ್ತದೆ. ಕವರ್‌ಸ್ಲಿಪ್ಪಿನ ಸುತ್ತ ವ್ಯಾಸಲೀನ್ ಸವರಿದರೆ ಇನ್ನಷ್ಟು ಹೊತ್ತು ತಾಳುತ್ತದೆ.

ನೋಡುವಾಗ ಅತಿ ಕಡಿಮೆ ಶಕ್ತಿಯ ಮಸೂರದಿಂದ ಶುರು ಮಾಡಬೇಕು. 4 ಎಕ್ಸ್ ಮಸೂರದಲ್ಲಿ ಕೋಶಗಳು ನೀಲಿ ಧೂಳಿನಂತೆ ಕಾಣುತ್ತವೆ. ಅಲ್ಲಿ ಗುಂಪುಗೂಡದೆ ಬಿಡಿಬಿಡಿಯಾಗಿರುವ ಜಾಗವನ್ನು ಹುಡುಕಿ ನಡುವೆ ತಂದುಕೊಂಡು 10 ಎಕ್ಸ್‌ಗೆ, ಆಮೇಲೆ 40 ಎಕ್ಸ್‌ಗೆ ಹೋಗಬೇಕು. ಕಣ್ಣಿನ ಬಳಿಯ ಮಸೂರ ಮತ್ತೆ ಹತ್ತು ಪಟ್ಟು ಹಿಗ್ಗಿಸುವುದರಿಂದ ಒಟ್ಟು 400 ಪಟ್ಟು. 40 ಎಕ್ಸ್ ಮಸೂರದ ತುದಿ ಸ್ಲೈಡಿಗೆ ತೀರಾ ಹತ್ತಿರ ಬರುತ್ತದೆ. ಆಗ ದೊಡ್ಡ ತಿರುಪನ್ನು ಮುಟ್ಟಬಾರದು, ಸಣ್ಣ ತಿರುಪು ಮಾತ್ರ. ಇಲ್ಲದಿದ್ದರೆ ಕವರ್‌ಸ್ಲಿಪ್ ಚಟ್ಟೆಂದು ಒಡೆಯುತ್ತದೆ. ಇನ್ನೊಂದು ವಿಷಯ, ವೇದಿಕೆಯ ಕೆಳಗಿರುವ ಬೆಳಕಿನ ಕಿಂಡಿ. ಹೆಚ್ಚಿನವರು ಅದನ್ನು ಪೂರ್ತಿ ತೆರೆದಿಡುತ್ತಾರೆ, ಹೆಚ್ಚು ಬೆಳಕು ಬಂದಷ್ಟೂ ಚೆನ್ನಾಗಿ ಕಾಣುತ್ತದೆ ಎಂಬ ನಂಬಿಕೆಯಿಂದ. ತೆಳ್ಳನೆಯ ಕೋಶಕ್ಕೆ ಅದು ತಿರುಗುಮುರುಗು. ಬೆಳಕಿನ ಹೊಳೆಯಲ್ಲಿ ತಿಳಿನೀಲಿ ಅಳಿಸಿಹೋಗುತ್ತದೆ. ಕಿಂಡಿಯನ್ನು ಕಿರಿದು ಮಾಡುತ್ತಾ ಬಂದರೆ ಒಂದು ಹಂತದಲ್ಲಿ ಕೋಶದ ಅಂಚು, ಮಡಿಕೆ, ಕಣಗಳೆಲ್ಲ ಒಮ್ಮೆಗೇ ಎದ್ದು ಬರುತ್ತವೆ.

ಈಗ ಕಣ್ಣೆದುರು ಇರುವುದನ್ನು ಒಂದೊಂದಾಗಿ ನೋಡೋಣ.

ಮೊದಲಿಗೆ ಆಕಾರ. ಒಂದು ಕೋಶ ಇನ್ನೊಂದರಂತಿಲ್ಲ. ಕೆಲವು ಐದಾರು ಮೂಲೆಯವು, ಕೆಲವು ಉದ್ದುದ್ದ, ಕೆಲವದರ ಒಂದು ಮಗ್ಗುಲು ಮಡಿಸಿಕೊಂಡಿದೆ. ಮಡಿಕೆಯ ಜಾಗದಲ್ಲಿ ಎರಡು ಪದರ ಸೇರುವುದರಿಂದ ಅಲ್ಲಿ ಕಡುನೀಲಿ ಗೆರೆ ಕಾಣುತ್ತದೆ. ಅದನ್ನು ಕೋಶದ ಯಾವುದೋ ಅಂಗವೆಂದು ಬರೆಯಬಾರದು. ಈರುಳ್ಳಿಯ ಕೋಶಗಳು ಇಟ್ಟಿಗೆಯಂತೆ ಸಾಲಾಗಿ ನಿಲ್ಲುವುದಕ್ಕೂ ಇವು ಹೀಗೆ ಸೊಟ್ಟಗೆ ಬಿದ್ದಿರುವುದಕ್ಕೂ ಕಾರಣ ಅದೇ ಕೋಶಭಿತ್ತಿ. ಅದರಲ್ಲಿ ಇದೆ, ಇದರಲ್ಲಿ ಇಲ್ಲ.

ಎರಡನೆಯದು ಅಂಚು. ಇದರ ಮುಂದೆ ಎಲ್ಲರೂ ‘ಕೋಶಪೊರೆ’ ಎಂದು ಬರೆಯುತ್ತಾರೆ. ಕಂಡದ್ದು ಪೊರೆಯಲ್ಲ. ಕೋಶಪೊರೆಯ ದಪ್ಪ ಸುಮಾರು 8 ನ್ಯಾನೋಮೀಟರ್. ಬೆಳಕಿನ ಸೂಕ್ಷ್ಮದರ್ಶಕ ಎಷ್ಟೇ ಒಳ್ಳೆಯದಾದರೂ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ತೋರಿಸಲಾರದು, ಏಕೆಂದರೆ ಬೆಳಕಿನ ಅಲೆಯೇ ಅದಕ್ಕಿಂತ ಅಗಲ. ಪೊರೆ ಅದರ ಇಪ್ಪತ್ತೈದನೇ ಒಂದು ಪಾಲು. ನಮಗೆ ಕಾಣುತ್ತಿರುವುದು ನೀಲಿ ಹಿಡಿದ ಕೋಶದ್ರವ್ಯ ಎಲ್ಲಿ ಮುಗಿಯುತ್ತದೆ ಎಂಬ ಗಡಿ. ಪೊರೆ ಆ ಗಡಿಯಲ್ಲಿ ಇದೆ ಎಂಬುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತಿಳಿದ ವಿಷಯ. ‘ಕೋಶದ ಅಂಚು, ಪೊರೆ ಇರುವ ಜಾಗ’ ಎಂದು ಬರೆದ ಮಗುವಿಗೆ ಒಂದು ಅಂಕ ಹೆಚ್ಚು ಕೊಡಬೇಕು ಎನ್ನುವುದು ನನ್ನ ಅಭಿಪ್ರಾಯ.

ಮೂರನೆಯದು ಆ ಬೊಟ್ಟು, ಕೋಶಕೇಂದ್ರ. ಇದು ನಿಸ್ಸಂಶಯವಾಗಿ ಕಾಣುತ್ತದೆ. ದುಂಡಗೆ ಅಥವಾ ಮೊಟ್ಟೆಯಾಕಾರಕ್ಕೆ, ನಡುವೆ ಇಲ್ಲವೇ ತುಸು ಬದಿಗೆ ಸರಿದು ಇರುತ್ತದೆ. ಆದರೆ ಅದರೊಳಗೆ ವರ್ಣತಂತುಗಳನ್ನು ಹುಡುಕಬೇಡಿ. ಅವು ಬಿಡಿಬಿಡಿಯಾಗಿ ಕಾಣುವಷ್ಟು ದಪ್ಪವಾಗುವುದು ಕೋಶ ವಿಭಜನೆಯಾಗುವಾಗ, ಈ ಕೋಶಗಳಾದರೋ ವಿಭಜನೆಯ ಕಾಲವನ್ನು ತಳದ ಸಾಲಿನಲ್ಲೇ ಬಿಟ್ಟು ಬಂದವು.

ಕೋಶಕೇಂದ್ರ ನಿಜಕ್ಕೂ ಎಷ್ಟು ದೊಡ್ಡದು? ಇದನ್ನು ಅಳೆಯಲು ದುಬಾರಿ ಸಾಧನ ಬೇಕಿಲ್ಲ, ಒಂದು ಪಾರದರ್ಶಕ ಪ್ಲಾಸ್ಟಿಕ್ ಅಡಿಪಟ್ಟಿ ಸಾಕು. ಅದನ್ನು 4 ಎಕ್ಸ್ ಮಸೂರದ ಕೆಳಗಿಟ್ಟು, ಕಾಣುವ ಬೆಳಕಿನ ವೃತ್ತದ ಅಡ್ಡಗಲದಲ್ಲಿ ಎಷ್ಟು ಮಿಲಿಮೀಟರ್ ಹಿಡಿಸುತ್ತದೆ ಎಂದು ಎಣಿಸಬೇಕು. ನಾಲ್ಕೂವರೆ ಎಂದಿಟ್ಟುಕೊಳ್ಳೋಣ, ಸಾಮಾನ್ಯ ಸೂಕ್ಷ್ಮದರ್ಶಕಗಳಲ್ಲಿ ಇದರ ಆಸುಪಾಸಿನಲ್ಲೇ ಬರುತ್ತದೆ. 40 ಎಕ್ಸ್‌ಗೆ ಹೋದಾಗ ನೋಟದ ವೃತ್ತ ಹತ್ತು ಪಟ್ಟು ಕಿರಿದಾಗುತ್ತದೆ: 0.45 ಮಿಲಿಮೀಟರ್, ಅಂದರೆ 450 ಮೈಕ್ರೋಮೀಟರ್. ಈಗ ಸ್ಲೈಡನ್ನು ಇಟ್ಟು ಒಂದು ಒಳ್ಳೆಯ ಕೋಶವನ್ನು ಆರಿಸಿ, ಇಂಥವು ಎಷ್ಟನ್ನು ಸಾಲಾಗಿ ಇಟ್ಟರೆ ವೃತ್ತದ ಅಡ್ಡಗಲ ತುಂಬುತ್ತದೆ ಎಂದು ಅಂದಾಜು ಮಾಡಬೇಕು. ಏಳು ಎಂದಾದರೆ ಒಂದು ಕೋಶದ ಅಗಲ 450ನ್ನು 7ರಿಂದ ಭಾಗಿಸಿದಷ್ಟು, ಸುಮಾರು 64 ಮೈಕ್ರೋಮೀಟರ್. ಅದೇ ಕೋಶದ ಅಡ್ಡಗಲದಲ್ಲಿ ಕೋಶಕೇಂದ್ರಗಳು ಏಳು ಹಿಡಿಸುವಂತಿದ್ದರೆ ಕೋಶಕೇಂದ್ರದ ಅಗಲ ಸುಮಾರು 9 ಮೈಕ್ರೋಮೀಟರ್. ನಮ್ಮ ಕೆಂಪು ರಕ್ತಕಣ ಏಳೆಂಟು ಮೈಕ್ರೋಮೀಟರ್ ಅಗಲವಿರುತ್ತದೆ, ಅದಕ್ಕಿಂತ ಇದು ತುಸು ದೊಡ್ಡದು.

ಈ ಲೆಕ್ಕ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಅಗಲದಲ್ಲಿ ಏಳನೇ ಒಂದು ಪಾಲು ಎಂದರೆ ಹರವಿನಲ್ಲಿ ಏಳೇಳಲ ನಲವತ್ತೊಂಬತ್ತನೇ ಒಂದು ಪಾಲು, ಅಂದರೆ ಹೆಚ್ಚುಕಡಿಮೆ ಶೇಕಡಾ 2. ಪ್ರಯೋಗ ಪುಸ್ತಕದ ಚಿತ್ರಗಳಲ್ಲಿ ಕೋಶಕೇಂದ್ರ ಕೋಶದ ಮೂರನೇ ಒಂದು ಪಾಲು ಅಗಲ ಇರುತ್ತದೆ. ಸ್ಲೈಡ್ ನೋಡಿ ಬಿಡಿಸಿದ್ದೋ, ಪುಸ್ತಕ ನೋಡಿ ಬಿಡಿಸಿದ್ದೋ ಎಂದು ತಿಳಿಯಲು ಶಿಕ್ಷಕರಿಗೆ ಇದಕ್ಕಿಂತ ಸುಲಭದ ಗುರುತು ಇಲ್ಲ.

ಇನ್ನು ಆ ಸಣ್ಣ ಕಣಗಳು. ಇಲ್ಲಿಯೇ ಹೆಚ್ಚಿನ ಗೊಂದಲ. ಕೋಶದ್ರವ್ಯ ತುಸು ಮರಳುಮರಳಾಗಿ ಕಾಣುವುದು ಸಹಜ. ಆದರೆ ಸ್ಪಷ್ಟವಾಗಿ ಕಡುನೀಲಿಯಾಗಿ, ದುಂಡಗೆ, ಜೋಡಿಯಾಗಿ, ಸರಪಳಿಯಾಗಿ ಅಥವಾ ಕಡ್ಡಿಯಂತೆ ಕಾಣುವ ಕಣಗಳು ಕೋಶದವಲ್ಲ. ಅವು ಬಾಯಿಯಲ್ಲಿ ವಾಸವಾಗಿರುವ ಬ್ಯಾಕ್ಟೀರಿಯಾ. ಸುಮಾರು ಒಂದು ಮೈಕ್ರೋಮೀಟರ್ ದಪ್ಪ ಇರುವುದರಿಂದ 400 ಪಟ್ಟು ಹಿಗ್ಗಿಸಿದಾಗ ಚುಕ್ಕಿಗಳಾಗಿ ಕಾಣುತ್ತವೆ. ಮೊದಲೇ ಹೇಳಿದಂತೆ ಮೆಥಿಲೀನ್ ನೀಲಿ ಅವನ್ನೂ ಬಿಡುವುದಿಲ್ಲ. ಹಾಲೆಂಡಿನ ಡೆಲ್ಫ್ಟ್ ಊರಿನ ಲೇವನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಸಂದಿಯ ಕೊಳೆಯಲ್ಲಿ ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದದ್ದು ಇವುಗಳ ಬಗ್ಗೆಯೇ.

ಮಕ್ಕಳು ಮೈಟೋಕಾಂಡ್ರಿಯಾ ಎಂದು ಹೆಸರಿಸುವುದು ಬಹುಮಟ್ಟಿಗೆ ಇವನ್ನೇ. ಹಾಗಲ್ಲ ಎಂದು ತಿಳಿಯಲು ಎರಡು ದಾರಿಗಳಿವೆ. ಒಂದು, ಕೋಶದ ಹೊರಗಿನ ಖಾಲಿ ಜಾಗವನ್ನು ನೋಡುವುದು. ಅದೇ ಆಕಾರದ, ಅದೇ ಬಣ್ಣದ ಕಣಗಳು ಅಲ್ಲಿಯೂ ಇದ್ದರೆ ಅವು ಕೋಶದ ಭಾಗವಾಗಿರಲಾರವು. ಎರಡು, ಸಣ್ಣ ತಿರುಪನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸುವುದು. ಕೋಶದ ಮೇಲ್ಮೈಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಸ್ಪಷ್ಟವಾದಾಗ ಕೋಶಕೇಂದ್ರ ತುಸು ಮಸುಕಾಗುತ್ತದೆ, ಕೋಶಕೇಂದ್ರ ಸ್ಪಷ್ಟವಾದಾಗ ಅವು ಮಸುಕಾಗುತ್ತವೆ. ಎರಡೂ ಬೇರೆ ಬೇರೆ ಎತ್ತರದಲ್ಲಿವೆ ಎಂದು ಆಗ ಗೊತ್ತಾಗುತ್ತದೆ. ನಿಜವಾದ ಮೈಟೋಕಾಂಡ್ರಿಯಾವನ್ನು ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಲು ಜೀವಂತ ಕೋಶ ಬೇಕು, ಜೇನಸ್ ಗ್ರೀನ್ ಎಂಬ ಬೇರೆಯೇ ಬಣ್ಣ ಬೇಕು. ರೈಬೋಸೋಮ್, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಇವಂತೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪಾಲಿನವು.

ಅಂಚೆಯಲ್ಲಿ ತರಿಸಿಕೊಳ್ಳುವ ಕಾಗದದ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್ ಇಟ್ಟುಕೊಂಡವರು ಇದೇ ಸ್ಲೈಡನ್ನು ಅದರಲ್ಲೂ ನೋಡಬಹುದು. ಅದು ಹಿಗ್ಗಿಸುವುದು ಸುಮಾರು 140 ಪಟ್ಟು, ಬೇರ್ಪಡಿಸಿ ತೋರಿಸುವುದು ಸುಮಾರು ಎರಡು ಮೈಕ್ರೋಮೀಟರಿನವರೆಗೆ. ಹಾಗಾಗಿ 9 ಮೈಕ್ರೋಮೀಟರಿನ ಕೋಶಕೇಂದ್ರ ಅದಕ್ಕೆ ದಕ್ಕುತ್ತದೆ, ಒಂದು ಮೈಕ್ರೋಮೀಟರಿನ ಬ್ಯಾಕ್ಟೀರಿಯಾ ಸರಿಯಾಗಿ ದಕ್ಕುವುದಿಲ್ಲ.

ಕೋಶವೇ ಅಲ್ಲದ್ದನ್ನು ಕೋಶವೆಂದು ಬಿಡಿಸುವುದು ಇನ್ನೊಂದು ಸಾಮಾನ್ಯ ಎಡವಟ್ಟು. ಗಾಳಿಗುಳ್ಳೆ ಇದರಲ್ಲಿ ಮೊದಲನೆಯದು. ಅದು ಕೈವಾರದಿಂದ ಎಳೆದಂತೆ ಪರಿಪೂರ್ಣ ವೃತ್ತ, ದಪ್ಪನೆಯ ಕಪ್ಪು ಅಂಚು, ಒಳಗೆ ಹೊಳೆಯುವ ಖಾಲಿ. ಕೆನ್ನೆಯ ಕೋಶ ಎಂದೂ ಅಷ್ಟು ದುಂಡಗೆ ಇರುವುದಿಲ್ಲ, ಅದರ ಅಂಚು ಎಂದೂ ಅಷ್ಟು ಕಪ್ಪಗಿರುವುದಿಲ್ಲ. ಕರಗದೆ ಉಳಿದ ಬಣ್ಣದ ಹರಳುಗಳು ಮೂಲೆಮೂಲೆಯಾಗಿ, ಕಪ್ಪೆನ್ನುವಷ್ಟು ಕಡುನೀಲಿಯಾಗಿ ಎಲ್ಲೆಂದರಲ್ಲಿ ಬಿದ್ದಿರುತ್ತವೆ. ದ್ರಾವಣವನ್ನು ಒಮ್ಮೆ ಫಿಲ್ಟರ್ ಕಾಗದದಲ್ಲಿ ಸೋಸಿಕೊಂಡರೆ ಈ ಕಾಟ ಇಲ್ಲ. ಕಡ್ಡಿಯಿಂದ ಬಂದ ಹತ್ತಿಯ ಎಳೆ ಉದ್ದನೆಯ ತಿರುಚಿದ ಪಟ್ಟಿಯಂತೆ ಕಾಣುತ್ತದೆ. ಇನ್ನು ಎಲ್ಲ ಕೋಶಗಳೂ ಒಂದೇ ಸಮ ಕಡುನೀಲಿಯಾಗಿ ಬೊಟ್ಟೇ ಕಾಣದಿದ್ದರೆ ಬಣ್ಣ ಹೆಚ್ಚಾಗಿದೆ ಎಂದರ್ಥ. ಅಂಚಿನಿಂದ ಇನ್ನಷ್ಟು ನೀರು ಹಾಯಿಸಿದರೆ ಕೋಶದ್ರವ್ಯ ಮೊದಲು ತಿಳಿಯಾಗಿ ಬೊಟ್ಟು ಹೊರಬರುತ್ತದೆ. ಕೋಶಗಳು ಗುಡ್ಡೆಗುಡ್ಡೆಯಾಗಿದ್ದರೆ ಮಾತ್ರ ಆ ಸ್ಲೈಡನ್ನು ಬಿಟ್ಟು ಹೊಸದನ್ನು ಮಾಡುವುದೇ ಲೇಸು.

ಇದೇ ಕೆನ್ನೆಯ ಕೋಶದಿಂದ ಇದಕ್ಕಿಂತ ಹೆಚ್ಚಿನ ಸುದ್ದಿಯನ್ನು ಕೇಳಲು ಹೊರಟವರಿದ್ದಾರೆ. ಕೆನಡಾದ ಮರ್ರೇ ಬಾರ್ ಮತ್ತು ಅವರ ವಿದ್ಯಾರ್ಥಿ ಇವರ್ಟ್ ಬರ್ಟ್ರಮ್ 1949ರಲ್ಲಿ ಹೆಣ್ಣುಬೆಕ್ಕಿನ ನರಕೋಶಗಳ ಕೋಶಕೇಂದ್ರದಲ್ಲಿ ಒಂದು ಪುಟ್ಟ ಗಂಟನ್ನು ಕಂಡರು. ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದು ಮುದುಡಿ ಕುಳಿತದ್ದು ಅದು ಎಂದು ಆಮೇಲೆ ತಿಳಿಯಿತು. ಹೆಂಗಸರ ಕೆನ್ನೆಯ ಕೋಶಗಳಲ್ಲೂ ಅದು ಕೋಶಕೇಂದ್ರದ ಅಂಚಿಗೆ ಒತ್ತಿಕೊಂಡಂತೆ ಇರುತ್ತದೆ. 1968ರ ಒಲಿಂಪಿಕ್ಸಿನಿಂದ ಹಲವು ವರ್ಷ ಮಹಿಳಾ ಕ್ರೀಡಾಪಟುಗಳ ಕೆನ್ನೆ ಸವರಿ ಇದನ್ನೇ ಹುಡುಕುತ್ತಿದ್ದರು. ಹೆಣ್ಣಾಗಿಯೇ ಹುಟ್ಟಿ ಬೆಳೆದ ಕೆಲವರಲ್ಲಿ ವರ್ಣತಂತುಗಳ ಜೋಡಣೆ ಬೇರೆಯಿರುವುದುಂಟು. ಅಂಥವರಿಗೆ ಅನ್ಯಾಯವಾದದ್ದರಿಂದ ಆ ಪರೀಕ್ಷೆ ಕೊನೆಗೆ ಕೈಬಿಟ್ಟುಹೋಯಿತು. ಶಾಲೆಯ ಸ್ಲೈಡಿನಲ್ಲಿ ಈ ಗಂಟನ್ನು ಹುಡುಕಲು ಹೋಗಬಾರದು. ಅದಕ್ಕೆ ಎಣ್ಣೆ ಹಾಕಿ ನೋಡುವ 100 ಎಕ್ಸ್ ಮಸೂರ ಬೇಕು, ಹೆಂಗಸರಲ್ಲೂ ಎಲ್ಲ ಕೋಶಗಳಲ್ಲಿ ಅದು ಕಾಣುವುದಿಲ್ಲ, ಪಕ್ಕದಲ್ಲಿ ಅಂಟಿದ ಒಂದು ಬ್ಯಾಕ್ಟೀರಿಯಾ ಸಾಕು ಅದೇ ಇದು ಎಂದು ನಂಬಿಸಲು. ತರಗತಿಯಲ್ಲಿ ಯಾರ ಬಗ್ಗೆಯೂ ಅಂಥ ಮಾತು ಎತ್ತುವುದು ತರವೂ ಅಲ್ಲ.

ಎಚ್ಚರಿಕೆಯ ವಿಷಯ ಎರಡೇ ಮಾತಿನಲ್ಲಿ ಮುಗಿಯುತ್ತದೆ. ಪ್ರತಿಯೊಬ್ಬರೂ ತಮ್ಮ ಕೆನ್ನೆಯನ್ನು ಮಾತ್ರ, ತಮ್ಮದೇ ಹೊಸ ಕಡ್ಡಿಯಿಂದ ಸವರಬೇಕು. ಬಳಸಿದ ಕಡ್ಡಿ, ಸ್ಲೈಡ್, ಕವರ್‌ಸ್ಲಿಪ್ಪುಗಳನ್ನು ತಕ್ಷಣ ಬ್ಲೀಚಿನ ದ್ರಾವಣಕ್ಕೆ ಹಾಕಬೇಕು. ಏಡ್ಸ್ ಬಗ್ಗೆ ಭಯ ಹಬ್ಬಿದ್ದ 1980ರ ದಶಕದಲ್ಲಿ ಬ್ರಿಟನ್ನಿನ ಶಾಲೆಗಳಿಗೆ ಈ ಪ್ರಯೋಗವೇ ಬೇಡ ಎಂಬ ಸಲಹೆ ಹೋಗಿತ್ತು. ಆಮೇಲೆ ಹತ್ತಿಕಡ್ಡಿ ಮತ್ತು ಸೋಂಕುನಾಶಕದ ಕಟ್ಟುಪಾಡಿನೊಂದಿಗೆ ಅದು ಮರಳಿ ಬಂತು.

ಕಡೆಗೆ, ಶಾಲೆಯ ಹೊರಗೆ ಈ ನೀಲಿ ಕೋಶವನ್ನು ನಿತ್ಯ ಕಾಣುವವರ ಬಗ್ಗೆ ಒಂದು ಮಾತು. ಕ್ಷಯರೋಗದ ಶಂಕೆಯಿದ್ದಾಗ ಸರ್ಕಾರಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕಫವನ್ನು ಸ್ಲೈಡಿಗೆ ಸವರಿ, ಮೊದಲು ಕೆಂಪು ಬಣ್ಣ ಹಾಕಿ, ಆಮ್ಲದಿಂದ ತೊಳೆದು, ಕೊನೆಗೆ ಶೇಕಡಾ 0.1ರ ಮೆಥಿಲೀನ್ ನೀಲಿ ಹಾಕುವ ಕ್ರಮವಿದೆ. ಕ್ಷಯದ ಬ್ಯಾಕ್ಟೀರಿಯಾ ಮಾತ್ರ ಕೆಂಪನ್ನು ಬಿಡದೆ ಉಳಿಸಿಕೊಳ್ಳುತ್ತದೆ, ಉಳಿದದ್ದೆಲ್ಲ ನೀಲಿಯಾಗುತ್ತದೆ. ಆ ನೀಲಿಯಲ್ಲಿ ಶ್ವಾಸಕೋಶದಿಂದ ಬಂದ ಕೀವುಕೋಶಗಳ ಬದಲು ಅಗಲವಾದ, ಮೂಲೆಮೂಲೆಯ, ನಡುವೆ ಬೊಟ್ಟಿರುವ ಕೋಶಗಳೇ ತುಂಬಿದ್ದರೆ, ಡಬ್ಬಿಯಲ್ಲಿ ಬಂದದ್ದು ಕಫವಲ್ಲ, ಎಂಜಲು ಎಂದು ಅಲ್ಲಿನ ತಂತ್ರಜ್ಞರಿಗೆ ಅರ್ಥವಾಗುತ್ತದೆ. ಅಂಥ ಮಾದರಿಯಲ್ಲಿ ರೋಗಾಣು ಸಿಗುವ ಸಂಭವ ಕಡಿಮೆ, ರೋಗವಿದ್ದರೂ ಇಲ್ಲ ಎಂಬ ವರದಿ ಬರಬಹುದು. ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಿಗಾದರೂ ಕಫದ ಡಬ್ಬಿ ಕೊಟ್ಟು ಕಳಿಸಿದರೆ ಬಾಯಿ ಮುಕ್ಕಳಿಸಿಕೊಂಡು, ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಬಂದ ಕಫವನ್ನೇ ಕೊಡಲು ಹೇಳಿ.